ಒಂದೇ ವ್ಯಾಪಾರ, ಎರಡು ಲಾಭ

ನಮ್ಮ ಡೆಸ್ ಪ್ಲೇನ್ಸ್‌ನಿಂದ ವಾಲ್‌ಗ್ರೀನ್ಸ್‌ನ ಮುಖ್ಯ ಕಚೇರಿ ಇರುವ ಡೀರ್‌ಫೀಲ್ಡ್ ದೂರವೇನಲ್ಲ. ಹಿಂದೊಮ್ಮೆ ಷೇರಿಗೆ ದುಡ್ಡು ಹಾಕುವ ಮುನ್ನ ಅದರ ಲಾಭವನ್ನು ಸಿವಿಎಸ್‌ನದರ ಜೊತೆ ನೇರವಾಗಿ ಹೋಲಿಸಿದ್ದೆ. ಲೆಕ್ಕಪತ್ರ ನೀತಿಗಳ ಟಿಪ್ಪಣಿ ಓದಿರಲಿಲ್ಲ. ತಪ್ಪಿದ್ದು ಅಲ್ಲೇ.

ಅಮೆರಿಕದ ಅಂಗಡಿಗಳ ದಾಸ್ತಾನಿಗೆ ವಾಲ್‌ಗ್ರೀನ್ಸ್ ಬಳಸುತ್ತಿದ್ದುದು ಲೈಫೋ ಪದ್ಧತಿ. ಅಂದರೆ, ಕೊನೆಗೆ ಕೊಂಡ ಮಾಲು ಮೊದಲು ಮಾರಾಟವಾಯಿತೆಂದು ಲೆಕ್ಕ. ಸಿವಿಎಸ್‌ನದು ಸರಾಸರಿ ವೆಚ್ಚ. ಭಾರತದ ಲೆಕ್ಕಪತ್ರ ಮಾನದಂಡಗಳಲ್ಲಿ ಲೈಫೋಗೆ ಅವಕಾಶವಿಲ್ಲ. ಹಾಗಾಗಿ ನಮ್ಮಂಥವರ ಕಣ್ಣಿಗೆ ಇದು ಬೇಗ ಬೀಳುವುದಿಲ್ಲ.

ಒಂದು ಡಬ್ಬಿ 10 ಡಾಲರಿಗೆ, ಇನ್ನೊಂದನ್ನು 12ಕ್ಕೆ ಕೊಂಡು, ಒಂದನ್ನು 15ಕ್ಕೆ ಮಾರಿದಿರಿ ಎನ್ನಿ. ಲೈಫೋದಲ್ಲಿ ಲಾಭ 3 ಡಾಲರ್, ಸರಾಸರಿಯಲ್ಲಿ 4. ಗಲ್ಲಾಕ್ಕೆ ಬಂದ ಹಣ ಒಂದೇ. ಲೈಫೋದಲ್ಲಿ ಕಟ್ಟುವ ತೆರಿಗೆ ಮಾತ್ರ ಕಡಿಮೆ.

ಹೋಲಿಸುವುದು ಹೇಗೆ? ಟಿಪ್ಪಣಿಯಲ್ಲಿ ಲೈಫೋ ರಿಸರ್ವ್ ಹುಡುಕಿ. ಲೈಫೋದಿಂದಾಗಿ ದಾಸ್ತಾನಿನ ಬೆಲೆ ಎಷ್ಟು ಕಡಿಮೆ ಕಾಣುತ್ತಿದೆ ಎಂಬುದೇ ಆ ಮೊತ್ತ. ಈ ವರ್ಷ ಅದು ಹೆಚ್ಚಿದಷ್ಟನ್ನು ತೆರಿಗೆಗೆ ಮುಂಚಿನ ಲಾಭಕ್ಕೆ ಸೇರಿಸಿ, ಇಳಿದಿದ್ದರೆ ಕಳೆಯಿರಿ. ಇಡೀ ರಿಸರ್ವ್ ಸೇರಿಸಬೇಡಿ; ಅದರಲ್ಲಿ ಹಳೆಯ ವರ್ಷಗಳ ಲಾಭವೂ ಕೂಡಿರುತ್ತದೆ.

ಇಷ್ಟಾದ ಮೇಲೂ ಉಳಿಯುವ ಅಂತರವಿದೆಯಲ್ಲ, ವ್ಯಾಪಾರದ ಬಗ್ಗೆ ಪ್ರಶ್ನೆ ಕೇಳಬೇಕಾದ್ದು ಅದರ ಮೇಲೆ.