ಹಳೆಯ ಖಾತೆಯ ಪುಟ

ಚಿಂತಾಮಣಿಯ ಕಿರಾಣಿ ಅಂಗಡಿಯೊಂದರ ಉದ್ದರಿ ಖಾತೆಯ ಛಾಯಾಚಿತ್ರಗಳನ್ನು ಆ ಮನೆಯವರ ಕೋರಿಕೆಯಂತೆ ಗಣಕಯಂತ್ರದಲ್ಲಿ ಸಾಲುಸಾಲಾಗಿ ಟೈಪು ಮಾಡಲು ಕುಳಿತಿದ್ದೆ. 1956ರ, ಅಂದರೆ ದುರ್ಮುಖಿ ಸಂವತ್ಸರದ ಪುಟಗಳು. ನಯೇ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ಆದ್ದರಿಂದ ಲೆಕ್ಕವೆಲ್ಲ ರೂಪಾಯಿ, ಆಣೆ, ಪೈಗಳಲ್ಲಿದೆ.

ಮೊದಲ ಎಚ್ಚರಿಕೆ ಇಲ್ಲೇ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 12 ರೂಪಾಯಿ 8 ಆಣೆಗೆ 3 ರೂಪಾಯಿ 6 ಆಣೆ ಸೇರಿದರೆ 15 ರೂಪಾಯಿ 14 ಆಣೆ. ಅವನ್ನೇ 12.8, 3.6 ಎಂದು ಬರೆದರೆ ಯಂತ್ರ 16.4 ಎನ್ನುತ್ತದೆ, 3-6 ಎಂದರೆ ಅದನ್ನು ತಾರೀಖೆಂದೇ ಭ್ರಮಿಸೀತು. ಆದಕಾರಣ ಮೂರಕ್ಕೂ ಮೂರು ಅಂಕಣಗಳಿರಬೇಕು. ಜೊತೆಗೆ ಚಿತ್ರದ ಸಂಖ್ಯೆ, ಸಾಲಿನ ಸಂಖ್ಯೆ, ವಿವರ, ಸಂಶಯದ ಗುರುತು, ಟಿಪ್ಪಣಿ. ವಿವರವನ್ನು ಇದ್ದಂತೆಯೇ ಇಳಿಸಬೇಕು. ನಮ್ಮ ಸೀಮೆಯ ಅಂಗಡಿಯವರು ಕನ್ನಡ ಲಿಪಿಯಲ್ಲೇ ‘ಬಿಯ್ಯಂ’ ಎಂದು ತೆಲುಗು ಬರೆದಿದ್ದರೆ ಅದನ್ನು ‘ಅಕ್ಕಿ’ ಎಂದು ತಿದ್ದುವ ಅಧಿಕಾರ ನಮಗಿಲ್ಲ.

ಒಂದು ಪುಟದಲ್ಲಿ ಹಿಂದಿನ ಬಾಕಿ 12-8-0, ಬಿಯ್ಯಂ 3-6-0, ಸೀಮೆಎಣ್ಣೆ 0-7-6 ಸ್ಪಷ್ಟವಾಗಿದ್ದವು. ಬೆಲ್ಲದ ಸಾಲಿನಲ್ಲಿ 10 ಆಣೆ ಕಾಣುತ್ತಿತ್ತು; ರೂಪಾಯಿಯ ಅಂಕಿ ಮಾತ್ರ ೧ ಅಥವಾ ೦. ೧ರ ಬಾಯಿ ಮಸಿ ಹರಡಿ ಮುಚ್ಚಿಕೊಂಡರೆ ಅದು ಸೊನ್ನೆಯೇ ಆಗಿ ತೋರುತ್ತದೆ. ಅದೇ ಕೈಯ ಬೇರೆ ೧ಗಳನ್ನೂ ೦ಗಳನ್ನೂ ಪಕ್ಕದಲ್ಲಿಟ್ಟು ನೋಡಿದೆ, ತೀರ್ಮಾನವಾಗಲಿಲ್ಲ. ಕೆಳಗಿನ ಮೊತ್ತ 17-15-6. ಮಿಕ್ಕ ಮೂರು ಸಾಲುಗಳು ಕೂಡಿದರೆ 16-5-6. ಉಳಿದದ್ದು 1-10-0, ಆದ್ದರಿಂದ ಅಂಕಿ ೧. ಮುಂದಿನ ಪುಟದ ಮೊದಲ ಸಾಲಿನಲ್ಲೂ 17-15-6 ಎಂದೇ ಇದ್ದುದರಿಂದ ಮೊತ್ತವನ್ನು ನಾನು ತಪ್ಪಾಗಿ ಓದಿರಲಿಲ್ಲ.

ಆದರೂ ಆ ಮನೆಯಲ್ಲಿ ರೂಪಾಯಿಯ ಅಂಕಣದಲ್ಲಿ ‘?’ ಎಂದೇ ಇಟ್ಟು, ‘ಮೊತ್ತದಿಂದ 1 ಎಂದು ಊಹೆ’ ಎಂದು ಟಿಪ್ಪಣಿ ಬರೆದೆ. ಕಣ್ಣು ಓದಿದ್ದು ಬೇರೆ, ಲೆಕ್ಕ ಹೇಳಿದ್ದು ಬೇರೆ. ಕೂಡುವಾಗ ಅಂಗಡಿಯವನೇ ಎಡವಿದ್ದರೆ? ನಾನು ಒಂದೆಂದು ಬರೆದುಬಿಟ್ಟರೆ ಅವನ ತಪ್ಪು ಮುಚ್ಚಿಹೋಗಿ, ಎಂದೋ ತೀರಿಕೊಂಡ ಗಿರಾಕಿಯೊಬ್ಬನ ತಲೆಗೆ ಒಂದು ರೂಪಾಯಿ ಸಾಲ ಕಾಯಮ್ಮಾಗುತ್ತದೆ. ಖಾಲಿ ಬಿಡುವುದೂ ಸರಿಯಲ್ಲ; ಯಂತ್ರ ಖಾಲಿಯನ್ನು ಸೊನ್ನೆಯೆಂದೇ ಕೂಡಿಕೊಳ್ಳುತ್ತದೆ.

ಮುಂದಿನ ಪುಟದಲ್ಲಿ ಈ ಉಪಾಯ ಸೋತಿತು. ಹೊಲಿಗೆಯ ಮಡಿಕೆಯಲ್ಲಿ ಎರಡು ಸಾಲುಗಳ ಹಣ ಅಡಗಿತ್ತು. ಪುಟವನ್ನು ಬಿಡಿಸಿ, ಬೆಳಕನ್ನು ಓರೆಯಾಗಿ ಬೀಳಿಸಿ ಮತ್ತೆ ಚಿತ್ರ ತೆಗೆಸಿದರೂ ಕಾಣಲಿಲ್ಲ. ಎರಡೂ ಸೇರಿ 2-4-0 ಎಂದು ಮೊತ್ತ ಹೇಳುತ್ತದೆ. ಯಾವುದಕ್ಕೆ ಎಷ್ಟೆಂದು ಹೇಳದು. ಇಂಥಲ್ಲಿ ದಿನದಿನದ ಕಿರ್ದಿ ಪುಸ್ತಕವೇ ಗತಿ. ಖಾತೆಗೆ ಏರುವ ಮೊದಲು ಪ್ರತಿ ವ್ಯಾಪಾರವೂ ಅಲ್ಲಿ ದಾಖಲಾಗಿರುತ್ತದೆ. ಮನೆಯವರು ಅಟ್ಟದಿಂದ ಕಿರ್ದಿಯನ್ನು ಇಳಿಸಿಕೊಟ್ಟರು. ಆ ತಿಂಗಳ ಹಾಳೆಗಳನ್ನು ಗೆದ್ದಲು ತಿಂದಿತ್ತು. ಎರಡು ಸಾಲುಗಳಲ್ಲೂ ‘?’ ಹಾಗೆಯೇ ಉಳಿದಿದೆ.