ಹಣ ಯಾವ ಖಾತೆಯಿಂದ ಹೋಯಿತು?

ಹೊರದೇಶದಲ್ಲಿ ದುಡಿಯುವ ಭಾರತೀಯರು ಇಲ್ಲಿನ ಷೇರು, ಮ್ಯೂಚುವಲ್ ಫಂಡುಗಳಲ್ಲಿ ಹಣ ತೊಡಗಿಸಲು ಕಾನೂನಿನ ಅಡ್ಡಿಯಿಲ್ಲ. ಆದರೆ ಯಾವ ಫಂಡ್ ಒಳ್ಳೆಯದು ಎಂದು ತಿಂಗಳುಗಟ್ಟಲೆ ವಿಚಾರಿಸುವವರು, ಆ ಹಣ ಯಾವ ಬ್ಯಾಂಕ್ ಖಾತೆಯಿಂದ ಹೋಗುತ್ತದೆ ಎಂಬುದನ್ನು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಹತ್ತು ವರ್ಷ ಕಳೆದು, ದುಬೈಯಲ್ಲೋ ಸಿಂಗಪುರದಲ್ಲೋ ಮನೆ ಕೊಳ್ಳಲು ಅದೇ ಹಣ ಬೇಕಾದಾಗ ಎಲ್ಲವನ್ನೂ ತೀರ್ಮಾನಿಸುವುದು ಆ ಖಾತೆ.

ಕುಂದಾಪುರದ ಕಡೆಯ ಒಬ್ಬ ಎಂಜಿನಿಯರ್ ಎಂದಿಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಒಂದು ಉಳಿತಾಯ ಖಾತೆ ತೆರೆದಿದ್ದಾನೆ, ಅದರಿಂದ ತಿಂಗಳಿಗೆ 10,000 ರೂಪಾಯಿಯ ಎಸ್‌ಐಪಿ ಹೋಗುತ್ತಿದೆ. ದುಬೈಯಲ್ಲಿ ಕೆಲಸ ಸಿಕ್ಕಿತು, ಹೊರಟ. ಅಲ್ಲಿಂದ ಸಂಬಳದ ಒಂದು ಪಾಲನ್ನು ಅದೇ ಹಳೆಯ ಖಾತೆಗೆ ಕಳುಹಿಸತೊಡಗಿದ. ಬೆಂಗಳೂರಿನ ಫ್ಲ್ಯಾಟಿನ ಬಾಡಿಗೆಯೂ ಅಲ್ಲಿಗೇ ಬೀಳುತ್ತದೆ. ಎಸ್‌ಐಪಿ ನಿಂತಿಲ್ಲ. ಅವನ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತಿದೆ.

ವಿದೇಶಿ ವಿನಿಮಯವನ್ನು ನೋಡಿಕೊಳ್ಳುವ 1999ರ ಕಾಯ್ದೆ, ಅಂದರೆ ಫೆಮಾ, ಹಾಗೆ ನೋಡುವುದಿಲ್ಲ. ಉದ್ಯೋಗಕ್ಕೆಂದು ದೇಶ ಬಿಟ್ಟವನು ಹೊರಟಾಗಿನಿಂದಲೇ ಅದರ ಲೆಕ್ಕದಲ್ಲಿ ಅನಿವಾಸಿ. ಆದಾಯ ತೆರಿಗೆ ಇಲಾಖೆಯ ಲೆಕ್ಕ ಬೇರೆ: ಅದು ಆ ವರ್ಷದಲ್ಲಿ ಇಲ್ಲಿದ್ದ ದಿನಗಳನ್ನು ಎಣಿಸುತ್ತದೆ. ಡಿಸೆಂಬರಿನಲ್ಲಿ ಹೊರಟವನು ಆ ವರ್ಷಕ್ಕೆ ತೆರಿಗೆಯ ಮಟ್ಟಿಗೆ ನಿವಾಸಿಯಾಗಿಯೇ ಉಳಿಯಬಹುದು, ಫೆಮಾ ಮಟ್ಟಿಗೆ ಆಗಲೇ ಅನಿವಾಸಿ. ಬಹಳ ಜನ ಈ ಎರಡನ್ನೂ ಒಂದೇ ಎಂದುಕೊಂಡು, ರಿಟರ್ನ್ ಸಲ್ಲಿಸುವ ಕಾಲಕ್ಕೆ ನೋಡಿದರಾಯಿತು ಎಂದು ಬ್ಯಾಂಕಿಗೆ ತಿಳಿಸುವುದನ್ನು ಮುಂದೂಡುತ್ತಾರೆ.

ಅನಿವಾಸಿಯಾದವನು ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ. ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಬಾಡಿಗೆ, ಡಿವಿಡೆಂಡ್, ಪಿಂಚಣಿ, ಜಮೀನು ಮಾರಿದ ಹಣ ಹೀಗೆ ಭಾರತದಲ್ಲೇ ಹುಟ್ಟಿದ ಆದಾಯಕ್ಕೆ ಇರುವ ಖಾತೆ ಅದು. ಹೊರಗೆ ದುಡಿದ ಹಣಕ್ಕೆ ಎನ್‌ಆರ್‌ಇ ಎಂಬ ಇನ್ನೊಂದು ಖಾತೆಯಿದೆ. ಎರಡರಲ್ಲೂ ಹಣ ಇರುವುದು ರೂಪಾಯಿಯಲ್ಲೇ. ಎನ್‌ಆರ್‌ಇಯಲ್ಲಿರುವ ಅಸಲು ಮತ್ತು ಬಡ್ಡಿಯನ್ನು ಯಾವಾಗ ಬೇಕಾದರೂ, ಯಾರ ಅನುಮತಿಯೂ ಇಲ್ಲದೆ ಹೊರಗೆ ಒಯ್ಯಬಹುದು. ಎನ್‌ಆರ್‌ಒದಲ್ಲಿರುವ ಅಸಲನ್ನು ಒಯ್ಯಲು ಒಂದು ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿಯಿದೆ. ಆ ವರ್ಷದ ಬಾಡಿಗೆ, ಡಿವಿಡೆಂಡುಗಳನ್ನು ತೆರಿಗೆ ಕಟ್ಟಿದ ಮೇಲೆ ಈ ಮಿತಿಯ ಹೊರಗೇ ಕಳುಹಿಸಬಹುದು.

ಹತ್ತು ಲಕ್ಷ ಡಾಲರ್ ನಮ್ಮ ಎಂಜಿನಿಯರ್‌ಗೆ ಸಾಕೋ ಸಾಕು. ಅವನನ್ನು ಕಾಡುವುದು ಮಿತಿಯಲ್ಲ, ಕಾಗದಪತ್ರ. ಇದನ್ನು ಲೆಕ್ಕ ಹಾಕಿಯೇ ನೋಡೋಣ. ದುಬೈ ಸಂಬಳದ 10 ಲಕ್ಷ ರೂಪಾಯಿಯನ್ನು ಅವನು ಒಂದು ಈಕ್ವಿಟಿ ಫಂಡಿಗೆ ಹಾಕಿದ, ಕೆಲವು ವರ್ಷಗಳಲ್ಲಿ ಅದು 16 ಲಕ್ಷವಾಯಿತು ಎನ್ನೋಣ. ಲಾಭ 6 ಲಕ್ಷ. 2024ರ ಜುಲೈ 23ರಿಂದ ಜಾರಿಯಲ್ಲಿರುವ ದರದಂತೆ, ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಈಕ್ವಿಟಿ ಫಂಡಿನ ಲಾಭದಲ್ಲಿ ಮೊದಲ 1.25 ಲಕ್ಷಕ್ಕೆ ತೆರಿಗೆಯಿಲ್ಲ, ಉಳಿದದ್ದಕ್ಕೆ ಶೇ 12.5. ಅಂದರೆ 4.75 ಲಕ್ಷಕ್ಕೆ 59,375 ರೂಪಾಯಿ, ಸೆಸ್ ಸೇರಿ 61,750. ಕೈಗುಳಿಯುವುದು 15,38,250.

ಹಣ ಎನ್‌ಆರ್‌ಇಯಿಂದ ಹೋಗಿದ್ದರೂ ಎನ್‌ಆರ್‌ಒದಿಂದ ಹೋಗಿದ್ದರೂ ತೆರಿಗೆ ಇಷ್ಟೇ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ ಎಂಬ ಮಾತು ಎಲ್ಲರ ಕಿವಿಗೂ ಬಿದ್ದಿದೆ. ಅದು ನಿಜ. ಎನ್‌ಆರ್‌ಒ ಬಡ್ಡಿಗೆ ಶೇ 30ರಷ್ಟು ತೆರಿಗೆಯನ್ನೂ ಅದರ ಮೇಲೆ ಸೆಸ್ಸನ್ನೂ ಬ್ಯಾಂಕೇ ಮೊದಲು ಹಿಡಿಯುತ್ತದೆ ಎಂಬುದೂ ನಿಜ. ಆದರೆ ಆ ವಿನಾಯಿತಿ ಖಾತೆಯಲ್ಲಿರುವ ಠೇವಣಿಗೆ ಮಾತ್ರ. ಅಲ್ಲಿಂದ ಹೊರಟು ಫಂಡ್ ಸೇರಿದ ಹಣದ ಲಾಭಕ್ಕೆ ಅದು ಅನ್ವಯಿಸುವುದಿಲ್ಲ.

ವ್ಯತ್ಯಾಸ ಶುರುವಾಗುವುದು ಆ 15,38,250 ರೂಪಾಯಿ ದುಬೈಗೆ ಹೊರಟಾಗ. ಎನ್‌ಆರ್‌ಇಯಿಂದ ಹೂಡಿದ್ದರೆ ಮಾರಿದ ಹಣ ಎನ್‌ಆರ್‌ಇಗೇ ಮರಳುತ್ತದೆ, ಅಲ್ಲಿಂದ ಸೀದಾ ದುಬೈಗೆ. ಎನ್‌ಆರ್‌ಒದಿಂದ ಹೂಡಿದ್ದರೆ ಅದು ಎನ್‌ಆರ್‌ಒಗೆ ಮಾತ್ರ ಬರಬಲ್ಲದು. ಅಲ್ಲಿಂದ ಹೊರಗೆ ಕಳುಹಿಸಲು ಬ್ಯಾಂಕಿಗೆ ಅರ್ಜಿ ಕೊಡಬೇಕು, ತೆರಿಗೆ ಇಲಾಖೆಯ ನಮೂನೆ ತುಂಬಬೇಕು, ತೆರಿಗೆ ಸಂದಾಯವಾಗಿದೆ ಎಂದು ಚಾರ್ಟರ್ಡ್ ಅಕೌಂಟೆಂಟ್ ಕೊಡುವ ಪ್ರಮಾಣಪತ್ರ ತರಬೇಕು, ಹಣದ ಮೂಲ ತೋರಿಸುವ ದಾಖಲೆ ಜೋಡಿಸಬೇಕು. ಎನ್‌ಆರ್‌ಒದಿಂದ ಎನ್‌ಆರ್‌ಇಗೆ ವರ್ಗಾಯಿಸಿದರೆ ಸುಲಭವಲ್ಲವೇ ಎಂದರೆ, ಆ ವರ್ಗಾವಣೆಗೂ ಇದೇ ಕಾಗದಪತ್ರ, ಅದೂ ಇದೇ 10 ಲಕ್ಷ ಡಾಲರಿನ ಲೆಕ್ಕಕ್ಕೇ ಸೇರುತ್ತದೆ. ಎನ್‌ಆರ್‌ಇಯಿಂದ ಎನ್‌ಆರ್‌ಒಗೆ ಮಾತ್ರ ಹಣ ಸಲೀಸಾಗಿ ಇಳಿಯುತ್ತದೆ. ಇಳಿದ ಮೇಲೆ ಅದು ದುಬೈ ದುಡಿಮೆ ಎಂಬ ಗುರುತು ಉಳಿಯುವುದಿಲ್ಲ.

ನಮ್ಮ ಎಂಜಿನಿಯರ್ ಮಾಡಿದ್ದು ಇದಕ್ಕಿಂತ ಕಷ್ಟದ ಕೆಲಸ. ಸಂಬಳ, ಬಾಡಿಗೆ ಎರಡನ್ನೂ ಹಳೆಯ ಖಾತೆಯಲ್ಲಿ ಬೆರೆಸಿದ, ಅದೂ ಆ ಖಾತೆ ಬ್ಯಾಂಕಿನ ದಾಖಲೆಯಲ್ಲಿ ಇನ್ನೂ ನಿವಾಸಿಯದ್ದು. ಇದು ಫೆಮಾ ಉಲ್ಲಂಘನೆ. ಮೊತ್ತ ಲೆಕ್ಕಕ್ಕೆ ಸಿಗುವಂತಿದ್ದರೆ ಅದರ ಮೂರರಷ್ಟರ ತನಕ ದಂಡ ಹಾಕಲು ಕಾಯ್ದೆ ಅವಕಾಶ ಕೊಟ್ಟಿದೆ.

ತನ್ನ ಸ್ಥಿತಿ ಹೀಗಿದೆಯೇ ಎಂದು ತಿಳಿಯುವುದು ಹೇಗೆ? ಫಂಡಿನ ಖಾತೆವಿವರ ತೆಗೆದು ನೋಡಿದರೆ ಹೂಡಿಕೆದಾರರ ತೆರಿಗೆ ಸ್ಥಿತಿಯ ಉಲ್ಲೇಖ ಸಿಗುತ್ತದೆ. ಅಲ್ಲಿ ಅನಿವಾಸಿ ಎಂದಿಲ್ಲದೆ ಬರೀ ವ್ಯಕ್ತಿ, ನಿವಾಸಿ ಎಂದಿದ್ದರೆ ಕೆವೈಸಿ ಬದಲಾಗಿಲ್ಲ. ಇನ್ನೊಂದು ಗುರುತು ಮಾರುವಾಗ ಸಿಗುತ್ತದೆ: ಅನಿವಾಸಿಗಳ ಲಾಭದಿಂದ ಫಂಡ್ ಕಂಪನಿ ಮೂಲದಲ್ಲೇ ತೆರಿಗೆ ಹಿಡಿಯಬೇಕು, ನಿವಾಸಿಗಳಿಗೆ ಹಾಗಿಲ್ಲ. ಲಾಭವಿದ್ದೂ ಪೂರ್ತಿ ಹಣ ಕೈಗೆ ಬಂತೆಂದು ಸಂತೋಷಪಡುವುದಕ್ಕೆ ಮೊದಲು ಇದನ್ನು ನೋಡಬೇಕು.

ಸರಿಪಡಿಸುವ ಕ್ರಮ ಹೀಗೆ. ಮೊದಲು ಪಾಸ್‌ಪೋರ್ಟ್, ವೀಸಾ, ಹೊರದೇಶದ ವಿಳಾಸದ ದಾಖಲೆ ಕೊಟ್ಟು ಹಳೆಯ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು, ಜೊತೆಗೇ ಎನ್‌ಆರ್‌ಇ ತೆರೆಯಬೇಕು. ಆಮೇಲೆ ಕೆವೈಸಿ. ಖಾತೆಯ ಸಂಖ್ಯೆ ಬದಲಾದರೆ ಎಸ್‌ಐಪಿಗೆ ಬ್ಯಾಂಕಿನಲ್ಲಿ ಕೊಟ್ಟಿದ್ದ ಆದೇಶ ಕೆಲಸ ಮಾಡುವುದಿಲ್ಲ, ಅದನ್ನೂ ಹೊಸದಾಗಿ ಕೊಡಬೇಕು. ನಿವಾಸಿಯಾಗಿದ್ದಾಗ ಕೊಂಡ ಹಳೆಯ ಯೂನಿಟ್ಟುಗಳು ಎನ್‌ಆರ್‌ಒ ಕಡೆಗೇ ಸೇರುತ್ತವೆ. ಅವುಗಳನ್ನು ಎನ್‌ಆರ್‌ಇ ಮಾಡುವ ಉಪಾಯವಿಲ್ಲ. ಹೊಸ ಸಂಬಳದ ಹೂಡಿಕೆಗೆ ಎನ್‌ಆರ್‌ಇಯಿಂದ ಬೇರೆಯೇ ಫೋಲಿಯೊ ತೆರೆಯುವುದು ನನ್ನ ಪ್ರಕಾರ ಒಳ್ಳೆಯದು, ಎರಡೂ ಒಂದರಲ್ಲಿ ಬೆರೆತರೆ ಮುಂದೆ ಬಿಡಿಸುವುದು ಕಷ್ಟ. ನೇರವಾಗಿ ಷೇರು ಕೊಳ್ಳುವವರಿಗೂ ಹೀಗೆಯೇ ಎರಡು ಡಿಮ್ಯಾಟ್ ಬೇಕಾಗುತ್ತವೆ. ಷೇರುಗಳನ್ನು ಅವರು ಡೆಲಿವರಿ ತೆಗೆದುಕೊಂಡೇ ಮಾರಬೇಕು, ಬೆಳಿಗ್ಗೆ ಕೊಂಡು ಸಂಜೆ ಮಾರುವಂತಿಲ್ಲ.

ಹಾಗೆಂದು ಎನ್‌ಆರ್‌ಒ ಹೂಡಿಕೆ ತಪ್ಪೇನಲ್ಲ. ಬಾಡಿಗೆಯ ಹಣ ಇಲ್ಲೇ ಬೆಳೆದು, ಊರಿನಲ್ಲಿರುವ ಅಪ್ಪ ಅಮ್ಮನ ಔಷಧಿಗೋ ಮನೆ ರಿಪೇರಿಗೋ ಖರ್ಚಾಗುವುದಾದರೆ ಅದಕ್ಕೆ ಎನ್‌ಆರ್‌ಒ ಸರಿಯಾದ ಜಾಗ.

ಅಮೆರಿಕದಲ್ಲಿರುವವರಿಗೆ ಮಾತ್ರ ಇನ್ನೊಂದು ತೊಡಕಿದೆ. ಅಲ್ಲಿನ ತೆರಿಗೆ ಕಾನೂನು ಭಾರತದ ಮ್ಯೂಚುವಲ್ ಫಂಡನ್ನು ಪಿಎಫ್‌ಐಸಿ ಎಂಬ ವರ್ಗಕ್ಕೆ ಸೇರಿಸಿ ಹೆಚ್ಚು ಕಠಿಣವಾದ ತೆರಿಗೆ ವಿಧಿಸುತ್ತದೆ. 8621 ಸಂಖ್ಯೆಯ ನಮೂನೆಯನ್ನು ಫಂಡಿಗೊಂದರಂತೆ ತುಂಬಬೇಕಾಗುತ್ತದೆ. ಇಲ್ಲಿನ ಕೆಲವು ಫಂಡ್ ಕಂಪನಿಗಳು ಅಮೆರಿಕ, ಕೆನಡಾದವರ ಹಣವನ್ನು ತೆಗೆದುಕೊಳ್ಳುವುದೇ ಇಲ್ಲ. ಅಲ್ಲಿರುವವರು ಎನ್‌ಆರ್‌ಇ, ಎನ್‌ಆರ್‌ಒ ಎಂದು ಯೋಚಿಸುವ ಮೊದಲೇ ಅಲ್ಲಿನ ತೆರಿಗೆ ಸಲಹೆಗಾರರನ್ನು ಕಾಣಬೇಕು.

ನೆಲೆಸಲೆಂದು ಊರಿಗೆ ಮರಳಿದವರ ಎನ್‌ಆರ್‌ಇ ಖಾತೆ ಮತ್ತೆ ನಿವಾಸಿ ಖಾತೆಯಾಗಬೇಕು, ಬಡ್ಡಿಯ ತೆರಿಗೆ ವಿನಾಯಿತಿಯೂ ಅಲ್ಲಿಗೆ ಮುಗಿಯುತ್ತದೆ. ಮಕ್ಕಳ ಓದಿಗೋ ಮತ್ತೊಮ್ಮೆ ಹೊರಡುವುದಕ್ಕೋ ಆ ಹಣ ವಿದೇಶಿ ಕರೆನ್ಸಿಯಲ್ಲೇ ಇರಲಿ ಎನ್ನುವವರಿಗೆ ಆರ್‌ಎಫ್‌ಸಿ ಎಂಬ ಖಾತೆಯಿದೆ. ಎನ್‌ಆರ್‌ಇಯಲ್ಲಿ ಉಳಿದ ಹಣವನ್ನು ಅದಕ್ಕೆ ವರ್ಗಾಯಿಸಬಹುದು.