ಚಂದ್ರನ ಪಕ್ಕದ ಚುಕ್ಕಿ ಶುಕ್ರನಲ್ಲ

ಭಾವ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಎರಡು ಫೋಟೊ ಹಾಕಿದ್ದರು. ಹಳೆಯವು, ಯಾವಾಗ ತೆಗೆದದ್ದೆಂದು ಅವರಿಗೇ ನೆನಪಿಲ್ಲ. ‘ಚಳಿ ಇತ್ತು. ಊಟಕ್ಕೆ ಮುಂಚೆ, ಎಂಟರ ಸುಮಾರಿಗೆ ತಾರಸಿಯಲ್ಲಿ ತಲೆ ಎತ್ತಿ ತೆಗೆದದ್ದು. ಚಂದ್ರನ ಪಕ್ಕ ಇರೋದು ಶುಕ್ರ ತಾನೇ?’ ಎಂದು ಕೇಳಿದ್ದರು.

ಮೊದಲ ಫೋಟೊದಲ್ಲಿ ಚಂದ್ರ ದುಂಡಗಿನ ಬಿಳಿ ಉಂಡೆ. ನೋಡಿದವರು ಹುಣ್ಣಿಮೆ ಎಂದೇ ಹೇಳಬೇಕು. ಆದರೆ ಮೊಬೈಲಿನ ಸಾಧಾರಣ ಲೆನ್ಸು ಸುಮಾರು 70 ಡಿಗ್ರಿ ಅಗಲದ ಆಕಾಶವನ್ನು 4000 ಪಿಕ್ಸೆಲ್‌ಗಳಲ್ಲಿ ಹಿಡಿಯುತ್ತದೆ. ಅರ್ಧ ಡಿಗ್ರಿಯಷ್ಟೇ ಇರುವ ಚಂದ್ರನಿಗೆ ಅದರಲ್ಲಿ ಸಿಗಬೇಕಾದದ್ದು 30 ಪಿಕ್ಸೆಲ್ ಆಸುಪಾಸು. ಭಾವನ ಚಂದ್ರ 120 ಪಿಕ್ಸೆಲ್ ಇದ್ದ. ಅಂದರೆ ಬೆಳಕು ಉಕ್ಕಿ ಹರಡಿಕೊಂಡಿದೆ. ಅಂಥ ಉಂಡೆಯೊಳಗೆ ಅರ್ಧಚಂದ್ರನೂ ಅಡಗಿರಬಹುದು. ಅದನ್ನು ನೋಡಿ ತಿಥಿ ಹೇಳಲಾಗದು.

ಎರಡನೆಯದು ಜೂಮ್ ಮಾಡಿ, ಬೆಳಕು ತಗ್ಗಿಸಿ ತೆಗೆದದ್ದು. ಅದರಲ್ಲಿ ಚಂದ್ರನ ವ್ಯಾಸ 210 ಪಿಕ್ಸೆಲ್, ಬೆಳಗಿದ ಭಾಗದ ಅಗಲ 130. ಭಾಗಿಸಿದರೆ ಶೇ. 62. ಬೆಳಕು ನೆರಳು ಸೇರುವ ಅಂಚು ಮಸುಕಾಗಿರುವುದರಿಂದ ಐದು ಅತ್ತಿತ್ತ ಇಟ್ಟುಕೊಳ್ಳೋಣ: 57ರಿಂದ 67. ಕೋನಕ್ಕೆ ತಿರುಗಿಸಿದರೆ ಸೂರ್ಯನಿಂದ 98ರಿಂದ 110 ಡಿಗ್ರಿ. ನಮ್ಮ ಪಂಚಾಂಗದ ತಿಥಿ ಅಂದರೂ ಇದೇ ಕೋನ, 12 ಡಿಗ್ರಿಗೆ ಒಂದು. ಹಾಗಾಗಿ ನವಮಿ, ಹೆಚ್ಚೆಂದರೆ ದಶಮಿಯ ಶುರು. ರಾತ್ರಿ ಎಂಟಕ್ಕೇ ನೆತ್ತಿಗೆ ಬಂದಿದ್ದಾನೆ, ಆದ್ದರಿಂದ ಶುಕ್ಲಪಕ್ಷ. ಕೃಷ್ಣಪಕ್ಷದವನು ಆ ಹೊತ್ತಿಗೆ ಅಷ್ಟು ಮೇಲೆ ಇರುವುದಿಲ್ಲ. (ಹುಣ್ಣಿಮೆಯ ಹತ್ತಿರ ಈ ಲೆಕ್ಕ ಸೋಲುತ್ತದೆ. ಚತುರ್ದಶಿಗೂ ಹುಣ್ಣಿಮೆಗೂ ಇರುವ ವ್ಯತ್ಯಾಸ ಬಿಂಬದ ಶೇ. ಒಂದೋ ಎರಡೋ ಅಷ್ಟೆ.)

ಶುಕ್ರನ ಮಾತು ಇಲ್ಲಿಗೇ ಮುಗಿಯಿತು. ಶುಕ್ರ ಸೂರ್ಯನನ್ನು ಬಿಟ್ಟು 47 ಡಿಗ್ರಿಗಿಂತ ದೂರ ಹೋಗುವುದೇ ಇಲ್ಲ. ಅವನ ಪಕ್ಕ ಬಂದು ನಿಲ್ಲುವ ಚಂದ್ರ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೆಳಗಿರುವಂತಿಲ್ಲ. ಅರ್ಧಕ್ಕಿಂತ ದಪ್ಪ ಚಂದ್ರನ ಪಕ್ಕ ಎಷ್ಟೇ ಹೊಳೆಯುವ ಚುಕ್ಕಿ ಇರಲಿ, ಅದು ಶುಕ್ರನಲ್ಲ.

ಹಾಗಾದರೆ ಯಾರು? ಮೊದಲ ಫೋಟೊದ ಒಂದು ಮೂಲೆಯಲ್ಲಿ ಸಾಲಾಗಿ ಮೂರು ನಕ್ಷತ್ರ, ಮಹಾವ್ಯಾಧನ ನಡುಪಟ್ಟಿ. ಆ ಸಾಲನ್ನು ಒಂದು ಕಡೆಗೆ ಎಳೆದರೆ ಲುಬ್ಧಕ, ಇನ್ನೊಂದು ಕಡೆಗೆ ಎಳೆದರೆ ರೋಹಿಣಿ. ಎರಡೂ ಸಿಕ್ಕವು. ರೋಹಿಣಿಯ ಉತ್ತರಕ್ಕಿರುವ ನಮ್ಮ ಚುಕ್ಕಿ ಮಾತ್ರ ಯಾವ ನಕ್ಷತ್ರಪಟದಲ್ಲೂ ಇಲ್ಲ. ಲೆನ್ಸಿನೊಳಗೆ ಚಂದ್ರನ ಬೆಳಕು ಪ್ರತಿಫಲಿಸಿ ಮೂಡುವ ಸುಳ್ಳು ಚುಕ್ಕಿ ಸಾಮಾನ್ಯವಾಗಿ ಫೋಟೊದ ನಡುಬಿಂದುವಿನ ಆಚೆ, ಚಂದ್ರನಿಗೆ ನೇರ ಎದುರಿಗೆ ಬೀಳುತ್ತದೆ. ಇದು ಅಲ್ಲಿಲ್ಲ. ಅಂದಮೇಲೆ ಗ್ರಹವೇ.

ನಿಜವಾದ ತೊಡಕು ಈಗ. 2025ರ ಫೆಬ್ರವರಿ 6ರ ಸಂಜೆ ರೋಹಿಣಿಯ ಮೇಲೆ ಗುರು ಇದ್ದ, ನವಮಿಯ ಚಂದ್ರ ಕೃತ್ತಿಕೆಯ ಬಳಿ ಇದ್ದ. 2023ರ ಜನವರಿ 30ರಂದು ಹೆಚ್ಚುಕಡಿಮೆ ಇದೇ ಚಿತ್ರ, ದಶಮಿಯ ಚಂದ್ರ. ಆದರೆ ಗುರುವಿನ ಜಾಗದಲ್ಲಿ ಮಂಗಳ. ಮಂಗಳ ಕೆಂಪಲ್ಲವೇ ಎಂದರೆ, ಪ್ರಖರ ಚುಕ್ಕಿಯನ್ನು ಮೊಬೈಲು ಬೆಳ್ಳಗೆ ಮಾಡಿಬಿಡುತ್ತದೆ. ಬಣ್ಣವನ್ನು ಸಾಕ್ಷಿಗೆ ಕರೆಯುವಂತಿಲ್ಲ.

ದೂರವನ್ನು ಕರೆಯಬಹುದು. ಗುರು ರೋಹಿಣಿಯಿಂದ 5 ಡಿಗ್ರಿ ದೂರದಲ್ಲಿದ್ದ, ಮಂಗಳ ಸುಮಾರು 8. ಅಳತೆಗೋಲು ಫೋಟೊದಲ್ಲೇ ಇದೆ: ನಡುಪಟ್ಟಿಯ ಉದ್ದ 2.7 ಡಿಗ್ರಿ. ಗುರುವಾದರೆ ಎರಡು ಪಟ್ಟಿಗೆ ತುಸು ಕಡಿಮೆ ದೂರ, ಮಂಗಳನಾದರೆ ಮೂರು ಪಟ್ಟಿ. ಅಳೆದೆ, 1.7 ಬಂತು. ಪಟ್ಟಿ ಫೋಟೊದ ಅಂಚಿನಲ್ಲಿರುವುದರಿಂದ ಕೊಂಚ ಹಿಗ್ಗಿರುತ್ತದೆ, ಶೇ. 20 ಹಿಗ್ಗಿದೆ ಎಂದು ಹಿಡಿದರೂ ಎರಡರ ಆಸುಪಾಸು ಬರುತ್ತದೆಯೇ ಹೊರತು ಮೂರಾಗುವುದಿಲ್ಲ.

ಗುರು ರೋಹಿಣಿಯ ಬಳಿಗೆ ಬರುವುದು ಸುಮಾರು 12 ವರ್ಷಕ್ಕೊಮ್ಮೆ. ಅದರ ಹಿಂದಿನ ಸರದಿ 2012–13ರಲ್ಲಿ. ಭಾವ ಈ ಫೋನು ಕೊಂಡದ್ದು 2024ರಲ್ಲಿ. ಆ ಚಳಿಗಾಲದಲ್ಲೂ ಚಂದ್ರ ಜನವರಿಯಲ್ಲಿ ಇದೇ ಜಾಗ ದಾಟುವಾಗ ಏಕಾದಶಿ, ಮಾರ್ಚಿನಲ್ಲಿ ಸಪ್ತಮಿ. ನವಮಿ ಸಿಗುವುದು ಫೆಬ್ರವರಿಯಲ್ಲಿ ಮಾತ್ರ.

ಭಾವನಿಗೆ ಹೀಗೆ ಬರೆದೆ: ‘ರೋಹಿಣಿ, ಖಚಿತ. ಶುಕ್ರ ಅಲ್ಲ, ಅದೂ ಖಚಿತ. ಗುರು, ಬಹುತೇಕ ಖಚಿತ. ಶುಕ್ಲ ನವಮಿ, ತಪ್ಪಿದರೆ ಒಂದು ದಿನ ಹೆಚ್ಚುಕಡಿಮೆ. 2025ರ ರಥಸಪ್ತಮಿ ಆಗಿ ಎರಡು ದಿನಕ್ಕೆ ತೆಗೆದಿರಬೇಕು.’

ಫೋಟೊದ ಒಳಗೆ ತಾರೀಖು, ಹೊತ್ತು ಎಲ್ಲ ದಾಖಲಾಗಿರುತ್ತದೆ. ವಾಟ್ಸಾಪಿನಲ್ಲಿ ಫೋಟೊ ಎಂದೇ ಕಳಿಸಿದರೆ ಅದು ಅಳಿಸಿಹೋಗುತ್ತದೆ. ಆಕಾಶದ ಫೋಟೊ ಯಾರಿಗಾದರೂ ತೋರಿಸಿ ಕೇಳುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಯಾವ ಊರು, ಯಾವ ದಿಕ್ಕು ಎಂದು ಒಂದು ಸಾಲು ಬರೆಯಿರಿ.